ನೆಗಡಿ ಮಾತ್ರೆ ತಗೊಂಡು ಡೋಪ್ ಟೆಸ್ಟಲ್ಲಿ ಸಿಕ್ಕಿಬೀಳೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಮೆಡಿಕಲ್ ಶಾಪ್ ಇರೋದು ಒಂದು ಗ್ರೌಂಡ್ ಪಕ್ಕದಲ್ಲೇ. ಮಳೆಗಾಲ ಶುರುವಾದ್ರೆ ಸಾಕು, ಟ್ರ್ಯಾಕ್ ಸೂಟ್ ಹಾಕ್ಕೊಂಡು ಮೂಗು ಒರೆಸ್ಕೊಂಡು ಹುಡುಗ್ರು ಬರ್ತಾರೆ, ಅವರ ಹಿಂದೆ ಕೋಚ್‌ಗಳು, ಅಪ್ಪ ಅಮ್ಮಂದಿರು. ಎಲ್ರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಪ್ರತಿ ಸಲ ಕೌಂಟರ್ ಮೇಲೆ ನಿಂತ್ಕೊಂಡು ಅರ್ಧಂಬರ್ಧ ಹೇಳೋ ಬದ್ಲು ಒಂದೇ ಕಡೆ ಬರೆದಿಡೋಣ ಅಂತ ಕೂತೆ. ಪ್ರಶ್ನೆಗಳನ್ನ ಅವರು ಕೇಳಿದ ಹಾಗೇ ಇಟ್ಟಿದೀನಿ.

## ಮೊದಲು ಬೇಸಿಕ್

ಅಣ್ಣ, ನೆಗಡಿ ಮಾತ್ರೆನೂ ಡೋಪಿಂಗಾ? ತಮಾಷೆ ಮಾಡ್ತಿದೀರಾ?

ಎಲ್ಲಾ ನೆಗಡಿ ಮಾತ್ರೆನೂ ಅಲ್ಲ. ಕಟ್ಟಿದ ಮೂಗು ಬಿಡಿಸೋಕೆ ಕೆಲವು ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಅನ್ನೋದು ಹಾಕಿರ್ತಾರೆ. ಇದು ಮೂಗಿನೊಳಗಿನ ರಕ್ತನಾಳಗಳನ್ನ ಬಿಗಿ ಮಾಡುತ್ತೆ, ಊತ ಇಳಿಯುತ್ತೆ, ಉಸಿರು ಸಲೀಸಾಗುತ್ತೆ. ಆದ್ರೆ ಅದು ಮೂಗಿಗೆ ಮಾತ್ರ ಹೋಗಲ್ವಲ್ಲ, ಹೊಟ್ಟೆಯಿಂದ ರಕ್ತಕ್ಕೆ ಹೋಗಿ ಮೈಯೆಲ್ಲಾ ಸುತ್ತುತ್ತೆ, ಎದೆಬಡಿತ ಏರಿಸುತ್ತೆ, ಜಾಸ್ತಿ ಡೋಸಲ್ಲಿ ಮೈಗೆ ಒಂಥರಾ ಚುರುಕು ಕೊಡುತ್ತೆ. ಅದಕ್ಕೇ ವಾಡಾ ಅಂದ್ರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಇದು ಸ್ಟಿಮ್ಯುಲೆಂಟ್ ಗುಂಪಲ್ಲಿದೆ. ಅದೇ ಗುಂಪಲ್ಲಿ ಕೊಕೇನ್, ಆಂಫೆಟಮಿನ್ ಕೂಡ ಇವೆ ಅಂದ್ರೆ ಹುಡುಗ್ರು ಬಾಯಿ ತೆರೆದು ನೋಡ್ತಾರೆ.

ಇದರದ್ದೊಂದು ವಿಚಿತ್ರ ಹಿಸ್ಟರಿ ಇದೆ. 2004ಕ್ಕಿಂತ ಮುಂಚೆ ಇದು ನಿಷೇಧದಲ್ಲಿತ್ತು, 2004ರಲ್ಲಿ ಪಟ್ಟಿಯಿಂದ ತೆಗೆದ್ರು, ಸುಮ್ನೆ ಸ್ಯಾಂಪಲ್‌ಗಳಲ್ಲಿ ಎಷ್ಟಿರುತ್ತೆ ಅಂತ ಗಮನಿಸ್ತಾ ಇದ್ರು. ಕೆಲವು ವರ್ಷದಲ್ಲಿ ತುಂಬಾ ಜಾಸ್ತಿ ಪ್ರಮಾಣ ಇರೋ ಸ್ಯಾಂಪಲ್‌ಗಳು ಹೆಚ್ಚಾದ್ವು, ನೆಗಡಿಗೆ ಅಷ್ಟು ಯಾರೂ ತಗೊಳ್ಳಲ್ಲ ಅಂತ ಅನುಮಾನ ಬಂತು. 2010ರಲ್ಲಿ ವಾಪಸ್ ಹಾಕಿದ್ರು, ಆದ್ರೆ ಈ ಸಲ ಒಂದು ಮಿತಿ ಇಟ್ಟು: ಒಂದು ಮಿಲಿಲೀಟರ್ ಮೂತ್ರದಲ್ಲಿ 150 ಮೈಕ್ರೋಗ್ರಾಂ ದಾಟಿದ್ರೆ ಮಾತ್ರ ತಪ್ಪು. ಇದರ ಅಣ್ಣನಂಥ ಎಫೆಡ್ರಿನ್‌ಗೆ ಮಿತಿ ಬರೀ 10.

ಹಂಗಾದ್ರೆ ಟೂರ್ನಮೆಂಟ್ ಇಲ್ದೇ ಇದ್ದಾಗ ತಗೊಂಡ್ರೆ ಓಕೆನಾ?

ಸ್ಟಿಮ್ಯುಲೆಂಟ್‌ಗಳ ಮಟ್ಟಿಗೆ ಹೌದು. ಅವುಗಳ ನಿಷೇಧ ಸ್ಪರ್ಧೆ ಸಮಯದಲ್ಲಿ ಮಾತ್ರ, ಯಾಕಂದ್ರೆ ಅವುಗಳ ಪರಿಣಾಮ ಕೆಲವು ಗಂಟೆಗಳದ್ದು, ಸ್ಟೀರಾಯ್ಡ್ ಥರ ಮೂರು ತಿಂಗಳು ಮುಂಚೆ ತಗೊಂಡು ಸ್ನಾಯು ಬೆಳೆಸೋ ಕೇಸ್ ಅಲ್ಲ. 'ಸ್ಪರ್ಧೆ ಸಮಯ' ಅಂದ್ರೆ ಸಾಮಾನ್ಯವಾಗಿ ನಿಮ್ಮ ಸ್ಪರ್ಧೆಯ ಹಿಂದಿನ ರಾತ್ರಿ 11:59ರಿಂದ ಶುರುವಾಗಿ ಸ್ಪರ್ಧೆ ಮುಗಿದು ಸ್ಯಾಂಪಲ್ ಕೊಡೋ ತನಕ.

ಆದ್ರೆ ಎಲ್ರೂ ಎಡವೋದು ಇಲ್ಲೇ. ಆ ಗಡಿಯಾರ ಇರೋದು ನೀವು ಮಾತ್ರೆ ನುಂಗಿದ ಹೊತ್ತಿಗಲ್ಲ, ಸ್ಯಾಂಪಲ್‌ಗೆ. ಶನಿವಾರ ಸಂಜೆ ಆರಕ್ಕೆ ಮಾತ್ರೆ ತಗೊಂಡ್ರಿ, ಆಗ ಅದು ತಪ್ಪಲ್ಲ. ಭಾನುವಾರ ಬೆಳಿಗ್ಗೆ ಹೀಟ್ಸ್ ಓಡಿ ಸ್ಯಾಂಪಲ್ ಕೊಟ್ರಿ, ಅದ್ರಲ್ಲಿ ಮಿತಿ ದಾಟಿ ಸಿಕ್ತು ಅಂದ್ರೆ ತಪ್ಪು. "ಸರ್ ನಾನು ನಿನ್ನೆ ತಗೊಂಡಿದ್ದು" ಅನ್ನೋದಕ್ಕೆ ಅಲ್ಲಿ ಬೆಲೆ ಇಲ್ಲ.

ನಮ್ಮೂರ ಅಂಗಡಿಲಿ ಸಿಗೋದ್ರಲ್ಲಿ ಯಾವ್ದು ಸೇಫ್ ಅಂತ ಒಂದೇ ಮಾತಲ್ಲಿ ಹೇಳ್ಬಿಡಿ

ಒಂದೇ ಮಾತಲ್ಲಿ ಆಗಲ್ಲ, ಆದ್ರೆ ಸಮಾಧಾನದ ಸುದ್ದಿ ಇದೆ. ಇಲ್ಲಿ ಮಾರಾಟ ಆಗೋ ಸಾಮಾನ್ಯ ನೆಗಡಿ ಮಾತ್ರೆಗಳಲ್ಲಿ ತುಂಬಾ ಇರೋದು ಪ್ಯಾರಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಈ ಮೂರರ ಕಾಂಬಿನೇಷನ್. ಮೂರೂ ನಿಷೇಧದಲ್ಲಿಲ್ಲ. ಫಿನೈಲೆಫ್ರಿನ್ ಅನ್ನೋ ಹೆಸರು ಕೇಳಿ ಗಾಬರಿ ಆಗೋರು ತುಂಬಾ ಜನ, ಅದನ್ನ ವಾಡಾ ಸುಮ್ನೆ ಗಮನಿಸುತ್ತೆ ಅಷ್ಟೇ, ಸಿಕ್ಕಿದ್ರೆ ಶಿಕ್ಷೆ ಇಲ್ಲ. ಮೂಗಿಗೆ ಬಿಡೋ ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಡ್ರಾಪ್ಸೂ ಪರವಾಗಿಲ್ಲ. ಉಪ್ಪುನೀರಿನ ಡ್ರಾಪ್ಸ್, ಬಿಸಿನೀರಿನ ಹಬೆ ಇವಕ್ಕಂತೂ ಯಾರ ತಕರಾರೂ ಇಲ್ಲ.

ಹುಷಾರಾಗಿರ್ಬೇಕಾಗಿರೋದು ಅದೇ ಬ್ರ್ಯಾಂಡಿನ ಅಣ್ಣತಮ್ಮಂದಿರ ಬಗ್ಗೆ. ಹೆಸರು ಒಂದೇ, ಆಮೇಲೆ 'ಪ್ಲಸ್' ಅಂತಲೋ 'ಡಿ' ಅಂತಲೋ 'ಕೋಲ್ಡ್' ಅಂತಲೋ ಒಂದು ಬಾಲ ಇರುತ್ತೆ. ಅಲರ್ಜಿ ಮಾತ್ರೆಯ ಹೆಸರಿನ ಮುಂದೆ 'ಡಿ' ಅಂತ ಇದ್ರೆ ಸಾಮಾನ್ಯವಾಗಿ ಮೂಗು ಬಿಡಿಸೋ ಔಷಧ ಸೇರ್ಸಿದಾರೆ ಅಂತ ಅರ್ಥ, ಅದು ಸ್ಯೂಡೋಎಫೆಡ್ರಿನ್ ಆಗಿರಬಹುದು. ಹಾಗಾಗಿ ಬ್ರ್ಯಾಂಡ್ ಹೆಸರು ಬಾಯಿಪಾಠ ಮಾಡ್ಕೋಬೇಡಿ, ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರೋ ಕಾಂಪೊಸಿಷನ್ ಓದಿ. ಕತ್ತರಿಸಿ ಎರಡು ಮಾತ್ರೆ ಮಾತ್ರ ಕೊಟ್ರೆ ಆ ಬರಹನೇ ಇರಲ್ಲ. ನಾನೇ ಅಂಗಡಿಯವನು ಹೇಳ್ತಿದೀನಿ, ಪೂರ್ತಿ ಸ್ಟ್ರಿಪ್ ಕೇಳಿ ತಗೊಳ್ಳಿ. ಇನ್ನೊಂದು, ನೆಗಡಿ ಜಾಸ್ತಿ ಇದೆ ಅಂತ ಬೇಗ ಕಡಿಮೆ ಆಗ್ಲಿ ಅಂತ ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಥರದ ಮಾತ್ರೆ ಬರೆದು ಕೊಡೋ ಡಾಕ್ಟರ್‌ಗಳಿದಾರೆ. ಅವು ಸ್ಟಿಮ್ಯುಲೆಂಟ್ ಅಲ್ಲ, ಆದ್ರೆ ನುಂಗೋ ರೂಪದಲ್ಲಿ ಸ್ಪರ್ಧೆ ಸಮಯಕ್ಕೆ ನಿಷೇಧ.

ಕಾಫಿ ಬಿಡಬೇಕಾ?

ಬೇಡ, ಕುಡೀರಿ. ಕೆಫೀನ್‌ಗೆ ಹಿಂದೆ ಮಿತಿ ಇತ್ತು, 2004ರಲ್ಲಿ ತೆಗೆದ್ರು. ಈಗ ಬರೀ ಗಮನಿಸ್ತಾರೆ.

## ಗೊತ್ತಿಲ್ದೇ ಸಿಕ್ಕಿಬೀಳೋ ದಾರಿಗಳು

ಪೃಥ್ವಿ ಶಾ ಕೆಮ್ಮಿನ ಸಿರಪ್ ಕುಡಿದು ಬ್ಯಾನ್ ಆಗಿದ್ದು ನಿಜಾನಾ? ಸಿರಪಲ್ಲಿ ಏನಿರುತ್ತೆ ಅಂಥದ್ದು?

ನಿಜ. 2019ರ ಫೆಬ್ರವರಿ 22ರಂದು ಇಂದೋರಲ್ಲಿ ಸೈಯದ್ ಮುಷ್ತಾಕ್ ಅಲಿ ಟೂರ್ನಿ ನಡೀತಿದ್ದಾಗ ಕೊಟ್ಟ ಸ್ಯಾಂಪಲಲ್ಲಿ ಟರ್ಬುಟಲಿನ್ ಸಿಕ್ತು. ಗೊತ್ತಿಲ್ದೇ ಕೆಮ್ಮಿನ ಸಿರಪಲ್ಲಿ ಹೋಗಿದೆ ಅನ್ನೋ ವಿವರಣೆಯನ್ನ ಬಿಸಿಸಿಐ ಒಪ್ಪಿತು, ಒಪ್ಪಿದ ಮೇಲೂ ಎಂಟು ತಿಂಗಳು ಸಸ್ಪೆಂಡ್ ಮಾಡ್ತು. ಅದಕ್ಕೂ ಮುಂಚೆ ಯೂಸುಫ್ ಪಠಾಣ್‌ಗೂ ಇದೇ ಟರ್ಬುಟಲಿನ್‌ಗೆ ಐದು ತಿಂಗಳು ಆಗಿತ್ತು. ಇಬ್ರಿಗೂ ಹಿಂದಿನ ದಿನಾಂಕದಿಂದ ಲೆಕ್ಕ ಹಾಕಿದ್ರಿಂದ ಆದೇಶ ಬರೋ ಹೊತ್ತಿಗೆ ಶಿಕ್ಷೆಯ ಒಂದಷ್ಟು ಭಾಗ ಆಗ್ಲೇ ಕಳೆದಿತ್ತು.

ಸಿರಪಲ್ಲಿ ಯಾಕಿರುತ್ತೆ ಅಂದ್ರೆ, ಕಫ ಕಟ್ಟಿದ ಕೆಮ್ಮಿಗೆ ಶ್ವಾಸನಾಳ ಸಡಿಲ ಮಾಡೋದಕ್ಕೆ. ನಮ್ಮಲ್ಲಿ ಟರ್ಬುಟಲಿನ್, ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್ ಮೂರೂ ಸೇರ್ಸಿರೋ ಸಿರಪ್‌ಗಳು ಮನೆಮನೆಯಲ್ಲೂ ಇರುತ್ವೆ, ಅಜ್ಜಿ ಕುಡಿದು ಉಳಿಸಿದ ಬಾಟ್ಲಿ ಫ್ರಿಜ್ ಬಾಗಿಲಲ್ಲಿ. ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್ ತೊಂದರೆ ಇಲ್ಲ. ಟರ್ಬುಟಲಿನ್ ಮಾತ್ರ ಬೀಟಾ-2 ಅಗೋನಿಸ್ಟ್ ಅನ್ನೋ ಬೇರೆ ಗುಂಪಿಗೆ ಸೇರಿದ್ದು, ಆ ಗುಂಪು ವರ್ಷಪೂರ್ತಿ ನಿಷೇಧ, ಸ್ಪರ್ಧೆ ಇರ್ಲಿ ಬಿಡ್ಲಿ. ಸ್ಯೂಡೋಎಫೆಡ್ರಿನ್ ಥರ "ಇಷ್ಟರ ತನಕ ಪರವಾಗಿಲ್ಲ" ಅನ್ನೋ ಮಿತಿನೂ ಇದಕ್ಕಿಲ್ಲ. ನೆಗಡಿ ಮಾತ್ರೆಗಿಂತ ಕೆಮ್ಮಿನ ಸಿರಪ್ಪೇ ನಮ್ಮ ಹುಡುಗ್ರಿಗೆ ದೊಡ್ಡ ಅಪಾಯ ಅಂತ ನಾನು ಹೇಳೋದು ಇದಕ್ಕೇ.

ಸಾಲ್ಬುಟಮಾಲ್ ಕಥೆ ಇನ್ನೂ ಗೊಂದಲ. ಇನ್‌ಹೇಲರಲ್ಲಿ ಎಳೆದುಕೊಂಡ್ರೆ ನಿಗದಿತ ಡೋಸ್ ಒಳಗೆ ಓಕೆ, ದಿನಕ್ಕೆ 1600 ಮೈಕ್ರೋಗ್ರಾಂ ತನಕ, ಅದ್ರಲ್ಲೂ ಯಾವುದೇ ಎಂಟು ಗಂಟೆಯಲ್ಲಿ 600 ದಾಟಬಾರದು. ಅದೇ ಸಾಲ್ಬುಟಮಾಲ್ ಸಿರಪ್ಪಲ್ಲೋ ಮಾತ್ರೆಯಲ್ಲೋ ನುಂಗಿದ್ರೆ ನಿಷೇಧ. ಔಷಧ ಒಂದೇ, ದಾರಿ ಬೇರೆ.

ನಾನು ಹತ್ತು ವರ್ಷದಿಂದ ಇದೇ ಬ್ರ್ಯಾಂಡ್ ತಗೊಳ್ತಿರೋದು, ಹೊರದೇಶದಲ್ಲೂ ಅದೇ ಸಿಗುತ್ತೆ, ತಗೊಂಡ್ರೆ ಏನಾಗುತ್ತೆ?

ಅಲೆನ್ ಬ್ಯಾಕ್ಸ್‌ಟರ್‌ಗೆ ಏನಾಯ್ತು ಅಂತ ಕೇಳಿ. ಸ್ಕಾಟ್ಲೆಂಡಿನ ಸ್ಕೀಯರ್. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಲ್ಲಿ ಸ್ಲಾಲಮ್ ರೇಸಲ್ಲಿ ಕಂಚು ಗೆದ್ದ, ಆಲ್ಪೈನ್ ಸ್ಕೀಯಿಂಗಲ್ಲಿ ಬ್ರಿಟನ್ನಿಗೆ ಬಂದ ಮೊದಲನೇ ಒಲಿಂಪಿಕ್ ಪದಕ ಅದು. ಅವನಿಗೆ ಮೂಗು ಕಟ್ಟೋ ತೊಂದರೆ ಮೊದಲಿಂದ ಇತ್ತು, ಊರಲ್ಲಿ ವಿಕ್ಸ್ ಇನ್‌ಹೇಲರ್ ಬಳಸ್ತಿದ್ದ, ಅದು ನಿಷೇಧದಲ್ಲಿರ್ಲಿಲ್ಲ. ಅಮೆರಿಕಾದಲ್ಲಿ ಅಂಗಡಿಗೆ ಹೋದಾಗ ಅದೇ ಹೆಸರು, ಹೆಚ್ಚುಕಮ್ಮಿ ಅದೇ ಥರದ ಡಬ್ಬಿ ಕಾಣಿಸ್ತು, ತಗೊಂಡ. ಯಾರಾದ್ರೂ ಹಂಗೇ ಮಾಡ್ತಿದ್ರು. ಆದ್ರೆ ಅಮೆರಿಕಾದ ಇನ್‌ಹೇಲರಲ್ಲಿ ಬ್ರಿಟನ್ನಿನದ್ರಲ್ಲಿ ಇಲ್ದೇ ಇರೋ ಒಂದು ಔಷಧ ಇತ್ತು, ಲೆವ್‌ಮೆಟಾಂಫೆಟಮಿನ್. ಹೆಸರು ನೋಡಿದ್ರೇ ಗೊತ್ತಾಗುತ್ತಲ್ಲ, ಮೆಥಾಂಫೆಟಮಿನ್ ಅನ್ನೋ ಭಯಂಕರ ಡ್ರಗ್ಗಿನ ಕನ್ನಡಿ ಪ್ರತಿಬಿಂಬ ಅದು. ಎಡಗೈ ಬಲಗೈ ಇದ್ದ ಹಾಗೆ, ಜೋಡಣೆ ಅದೇ, ತಿರುವು ಬೇರೆ. ಬಲಗೈದು ತಲೆಗೆ ಏರುತ್ತೆ, ಎಡಗೈದು ಮುಖ್ಯವಾಗಿ ಮೂಗು ಬಿಡಿಸುತ್ತೆ.

ಕೇಸು ಸ್ವಿಟ್ಜರ್ಲೆಂಡಲ್ಲಿರೋ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಯ್ತು. ಬ್ಯಾಕ್ಸ್‌ಟರ್ ವಾದ ಏನಂದ್ರೆ ಪಟ್ಟಿಯಲ್ಲಿರೋದು ಬಲಗೈದು, ನನ್ನದ್ರಲ್ಲಿ ಸಿಕ್ಕಿದ್ದು ಎಡಗೈದು. ನ್ಯಾಯಾಲಯ ಅದನ್ನ ಒಪ್ಪಲಿಲ್ಲ, ಪಟ್ಟಿಯಲ್ಲಿ ಮೆಥಾಂಫೆಟಮಿನ್ ಅಂತಿದೆ, ಅದ್ರಲ್ಲಿ ಎರಡೂ ಬರುತ್ತೆ ಅಂತು. ಅವನು ಪ್ರಾಮಾಣಿಕ, ಮೋಸ ಮಾಡೋ ಉದ್ದೇಶ ಇರ್ಲಿಲ್ಲ ಅಂತನೂ ಅದೇ ನ್ಯಾಯಾಲಯ ಹೇಳ್ತು. ಬ್ಯಾನ್ ಮೂರೇ ತಿಂಗಳಿತ್ತು. ಪದಕ ಮಾತ್ರ ವಾಪಸ್ ಬರ್ಲಿಲ್ಲ, ನಾಲ್ಕನೇ ಸ್ಥಾನದಲ್ಲಿದ್ದ ಆಸ್ಟ್ರಿಯಾದ ಬೆಂಜಮಿನ್ ರೈಖ್‌ಗೆ ಹೋಯ್ತು.

ಹಾಗಾಗಿ ಫಾರಿನ್ ಟೂರ್ ಇದ್ರೆ ನಿಮ್ಮ ಔಷಧ ಇಲ್ಲಿಂದನೇ ತಗೊಂಡು ಹೋಗಿ. ಅಲ್ಲಿ ಖಾಲಿ ಆದ್ರೆ ಹೊಸ ಡಬ್ಬಿಯನ್ನ ಹೊಸ ಔಷಧ ಅಂದ್ಕೊಂಡೇ ಓದಿ.

ಆಯುರ್ವೇದ ತಗೊಂಡ್ರೆ ಸೇಫ್ ಅಲ್ವಾ ಸರ್, ಅದ್ರಲ್ಲಿ ಕೆಮಿಕಲ್ ಇಲ್ವಲ್ಲ?

ಈ ಪ್ರಶ್ನೆ ಬಂದ್ರೆ ನಾನು ಕೌಂಟರ್ ಬಿಟ್ಟು ಈಚೆ ಬಂದು ಕೂತು ಮಾತಾಡ್ತೀನಿ. ಮನೆಯಲ್ಲಿ ಮಾಡೋ ಶುಂಠಿ, ಮೆಣಸು, ತುಳಸಿ, ಬೆಲ್ಲದ ಕಷಾಯಕ್ಕೆ ಯಾವ ತಕರಾರೂ ಇಲ್ಲ, ದಿನಕ್ಕೆ ಮೂರು ಲೋಟ ಕುಡೀರಿ. ತೊಂದರೆ ಇರೋದು ಕಟ್ಟಿ ಮಾರೋ ಮಾತ್ರೆ, ಲೇಹ್ಯ, ಅರಿಷ್ಟಗಳಲ್ಲಿ.

ಎಫೆಡ್ರಿನ್ ಅನ್ನೋದನ್ನ ಮೊದಲು ತೆಗೆದಿದ್ದೇ ಎಫೆಡ್ರಾ ಅನ್ನೋ ಗಿಡದಿಂದ. ದಮ್ಮಿನ ಔಷಧಗಳಲ್ಲಿ ಸೋಮಲತಾ ಅಂತ ಬರೆದಿದ್ರೆ ತುಂಬಾ ಸಲ ಅದು ಈ ಗಿಡನೇ. ಇನ್ನೊಂದು ನಮ್ಮ ಕಾಡಲ್ಲೇ ಬೆಳೆಯೋ ಕಾಸರಕ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ, ಅದೂ ಸ್ಟಿಮ್ಯುಲೆಂಟ್ ಪಟ್ಟಿಯಲ್ಲಿದೆ, ಅದಕ್ಕೆ ಮಿತಿಗಿತಿ ಏನೂ ಇಲ್ಲ, ಕಂಡ್ರೆ ಸಾಕು. ಶುದ್ಧಿ ಮಾಡಿದ ಕಾಸರಕದ ಬೀಜನ ಅಗ್ನಿತುಂಡಿ ವಟಿ, ವಿಷತಿಂದುಕ ವಟಿ ಥರದ ಮಾತ್ರೆಗಳಲ್ಲಿ ಹಾಕ್ತಾರೆ, ಜೀರ್ಣಕ್ಕೆ, ನರದ ನೋವಿಗೆ ಅಂತ. ಶುದ್ಧಿ ಮಾಡಿದ್ರೆ ವಿಷ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ, ಹೋದ್ರೆ ಆ ಮಾತ್ರೆಗೆ ಕೆಲಸಾನೇ ಇರಲ್ಲ. ಲೇಬಲ್ಲಲ್ಲಿ ಕುಚಲಾ, ಕುಪೀಲು, ವಿಷಮುಷ್ಟಿ, ನಕ್ಸ್ ವಾಮಿಕಾ ಅಂತ ಬೇರೆಬೇರೆ ಹೆಸರಲ್ಲಿ ಬರುತ್ತೆ, ಎಲ್ಲಾ ಒಂದೇ. ಹೋಮಿಯೋಪತಿಯಲ್ಲೂ ನಕ್ಸ್ ವಾಮಿಕಾ ಇದೆ, ತುಂಬಾ ತೆಳು ಮಾಡಿದ್ರಲ್ಲಿ ಏನೂ ಉಳಿದಿರಲ್ಲ, ಆದ್ರೆ ಮದರ್ ಟಿಂಕ್ಚರಲ್ಲಿ ಇರುತ್ತೆ.

ಇದೆಲ್ಲಾ ಬರೀ ಥಿಯರಿ ಅನ್ಕೋಬೇಡಿ. ವೇಟ್‌ಲಿಫ್ಟರ್ ಕುಂಜರಾಣಿ ದೇವಿ 2001ರ ಏಷ್ಯನ್ ಚಾಂಪಿಯನ್‌ಶಿಪ್ಪಲ್ಲಿ ಸ್ಟ್ರಿಕ್ನಿನ್ ಪಾಸಿಟಿವ್ ಬಂದು ಆರು ತಿಂಗಳು ಬ್ಯಾನ್ ಆಗಿದ್ರು. 2016ರ ರಿಯೋದಲ್ಲಿ ಕಿರ್ಗಿಸ್ತಾನದ ಇಜ್ಜತ್ ಆರ್ತಿಕೋವ್ ಅನ್ನೋ ಲಿಫ್ಟರ್ ಕಂಚಿನ ಪದಕ ಕಳ್ಕೊಂಡಿದ್ದೂ ಸ್ಟ್ರಿಕ್ನಿನ್‌ಗೇ.

ಜಿಮ್ಮಲ್ಲಿ ಕೊಡೋ ಪ್ರೀ-ವರ್ಕೌಟ್ ಪೌಡರ್?

ನನ್ನ ಅಭಿಪ್ರಾಯ, ಮುಟ್ಟಬೇಡಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ಗೆ ಮುಂಚೆ ನಮ್ಮ ಕುಸ್ತಿಪಟುಗಳೂ ಸೇರಿ ಹಲವರು ಮಿಥೈಲ್‌ಹೆಕ್ಸಾನಮಿನ್ ಅನ್ನೋ ಸ್ಟಿಮ್ಯುಲೆಂಟಿಗೆ ಸಿಕ್ಕಿಬಿದ್ರು. ಗೇಮ್ಸಲ್ಲೇ ಮಹಿಳೆಯರ 100 ಮೀಟರ್ ಗೆದ್ದ ನೈಜೀರಿಯಾದ ಓಟಗಾರ್ತಿ ಅದೇ ಕಾರಣಕ್ಕೆ ಚಿನ್ನ ಕಳ್ಕೊಂಡ್ಲು. ಅದು ಪೌಡರ್ ಡಬ್ಬಿ ಮೇಲೆ ಜೆರೇನಿಯಂ ಎಣ್ಣೆ ಅಂತಲೋ ಡಿಎಂಎಎ ಅಂತಲೋ ಹತ್ತು ಹೆಸರಲ್ಲಿ ಇರುತ್ತೆ. ಔಷಧದ ಸ್ಟ್ರಿಪ್ ಮೇಲೆ ಬರೆದಿದ್ದು ಒಳಗಿರುತ್ತೆ ಅಂತ ನಂಬಬಹುದು, ಪೌಡರ್ ಡಬ್ಬಿಗೆ ಆ ಗ್ಯಾರಂಟಿ ಇಲ್ಲ.

## ಸ್ವಲ್ಪ ಲೆಕ್ಕ

150 ಅಂದ್ರೆ ಎಷ್ಟು ಮಾತ್ರೆ? ಒಂದು ತಗೊಂಡ್ರೆ ದಾಟುತ್ತಾ?

ಇದಕ್ಕೆ ನೇರ ಉತ್ತರ ಇಲ್ಲ, ಯಾಕೆ ಇಲ್ಲ ಅನ್ನೋದೇ ಮುಖ್ಯ. ಮಿತಿ ಇರೋದು ನುಂಗಿದ ಮಾತ್ರೆಗಲ್ಲ, ರಕ್ತಕ್ಕೂ ಅಲ್ಲ, ಮೂತ್ರದ ಸಾಂದ್ರತೆಗೆ. ಮೂತ್ರ ಎಷ್ಟು ನೀರಾಗಿದೆ ಅನ್ನೋದ್ರ ಮೇಲೆ ಅಂಕಿ ಏರುತ್ತೆ ಇಳಿಯುತ್ತೆ.

ಒಂದು ಅಂದಾಜು ಲೆಕ್ಕ ಹಾಕೋಣ. ಒಬ್ಬ ಹುಡುಗ 120 ಮಿಲಿಗ್ರಾಂನ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಂಡ, ಒಟ್ಟು 240. ಸ್ಯೂಡೋಎಫೆಡ್ರಿನ್ನಿನ ಬಹುಪಾಲು ಬದಲಾಗದೆ ಹಂಗಂಗೇ ಮೂತ್ರದಲ್ಲಿ ಹೋಗುತ್ತೆ, ಎಷ್ಟು ಅನ್ನೋದು ಆಳಿಂದ ಆಳಿಗೆ ಬೇರೆ, ಲೆಕ್ಕಕ್ಕೆ ಶೇ. 70 ಅಂತ ಇಟ್ಕೊಳ್ಳಿ. ಅಂದ್ರೆ 168 ಮಿಲಿಗ್ರಾಂ. ಅವನು ದಿನಕ್ಕೆ ಎರಡು ಲೀಟರ್ ಮೂತ್ರ ಮಾಡಿದ್ರೆ ಲೀಟರಿಗೆ 84 ಮಿಲಿಗ್ರಾಂ, ಅಂದ್ರೆ ಮಿಲಿಲೀಟರಿಗೆ 84 ಮೈಕ್ರೋಗ್ರಾಂ. ಪಾಸ್. ಅದೇ ಹುಡುಗ ಬಿಸಿಲಲ್ಲಿ ಓಡಿ ಬೆವರು ಸುರಿಸಿ ದಿನಕ್ಕೆ 800 ಮಿಲಿಲೀಟರ್ ಮಾತ್ರ ಮಾಡಿದ್ರೆ? 210. ಫೇಲ್. ಮಾತ್ರೆ ಅಷ್ಟೇ, ಹುಡುಗ ಅವನೇ. ಅದ್ರ ಮೇಲೆ ಇದು ಇಡೀ ದಿನದ ಸರಾಸರಿ, ಮಾತ್ರೆ ತಗೊಂಡ ಕೆಲವು ಗಂಟೆ ಆದ್ಮೇಲಿನ ಒಂದು ಸ್ಯಾಂಪಲಲ್ಲಿ ಇನ್ನೂ ಜಾಸ್ತಿ ಇರಬಹುದು.

ಬೆವರಿದವನಿಗೆ ಅನ್ಯಾಯ ಆಗಬಾರ್ದು ಅಂತ ಈಗ ಎರಡು ವಿನಾಯಿತಿ ಇಟ್ಟಿದಾರೆ. ಮೂತ್ರ ಒಂದು ಮಟ್ಟಕ್ಕಿಂತ ಗಟ್ಟಿಯಾಗಿದ್ರೆ ಅದಕ್ಕೆ ತಕ್ಕಂಗೆ ಮಿತಿನೂ ಮೇಲಕ್ಕೆ ಏರಿಸ್ತಾರೆ. ಆಮೇಲೆ ಅಳತೆಯಲ್ಲಿ ಸಣ್ಣಪುಟ್ಟ ಹೆಚ್ಚುಕಮ್ಮಿ ಇರುತ್ತೆ ಅಂತ ಲ್ಯಾಬು 150 ದಾಟಿದ ತಕ್ಷಣ ಪಾಸಿಟಿವ್ ಅನ್ನಲ್ಲ, 170 ದಾಟಬೇಕು. ಹಾಗಂತ 165ಕ್ಕೆ ಗುರಿ ಇಟ್ಕೊಂಡು ಮಾತ್ರೆ ನುಂಗೋಕೆ ಯಾರಿಂದಲೂ ಆಗಲ್ಲ.

ಐಸ್ ಹಾಕಿ ಆಡೋ ಸ್ವೀಡನ್ನಿನ ನಿಕ್ಲಾಸ್ ಬೆಕ್‌ಸ್ಟ್ರೋಮ್ ಇದಕ್ಕೆ ಒಳ್ಳೆ ಉದಾಹರಣೆ. ಅಲರ್ಜಿಗೆ ವರ್ಷಗಟ್ಲೆಯಿಂದ 'ಡಿ' ಬಾಲದ ಮಾತ್ರೆ ತಗೊಳ್ತಿದ್ದ, ದಿನಕ್ಕೆ ಒಂದು, ಟೀಮ್ ಡಾಕ್ಟರಿಗೂ ಗೊತ್ತಿತ್ತು, ತೊಂದರೆ ಇಲ್ಲ ಅಂದಿದ್ರು. 2014ರ ಸೋಚಿ ಒಲಿಂಪಿಕ್ಸಲ್ಲಿ ಅವನ ಸ್ಯಾಂಪಲ್ 190ರ ಆಸುಪಾಸು ಬಂತು. ಕೆನಡಾ ವಿರುದ್ಧದ ಫೈನಲ್ ಶುರುವಾಗೋಕೆ ಕೆಲವೇ ಗಂಟೆ ಇದ್ದಾಗ ಅವನನ್ನ ಟೀಮಿಂದ ತೆಗೆದ್ರು, ಸ್ವೀಡನ್ ಸೋಲ್ತು. ಆಮೇಲೆ ಉದ್ದೇಶ ಇರ್ಲಿಲ್ಲ ಅಂತ ಒಪ್ಪಿ ಬೆಳ್ಳಿ ಪದಕ ಕೊಟ್ರು. ಫೈನಲ್ ಆಡೋ ಅವಕಾಶನ ಯಾರು ವಾಪಸ್ ಕೊಡ್ತಾರೆ ಹೇಳಿ.

ಎಷ್ಟು ಹೊತ್ತು ಮುಂಚೆ ನಿಲ್ಲಿಸ್ಬೇಕು?

ಸ್ಯೂಡೋಎಫೆಡ್ರಿನ್‌ಗೆ ವಾಡಾ ಹೇಳೋದು ಸ್ಪರ್ಧೆಗೆ ಕನಿಷ್ಠ 24 ಗಂಟೆ ಮುಂಚೆ. ಇದು ಸ್ಟ್ರಿಪ್ಪಲ್ಲಿ ಹೇಳಿದ ಡೋಸಲ್ಲೇ ತಗೊಂಡಿದ್ರೆ ಮಾತ್ರ, ಅಂದ್ರೆ ದಿನಕ್ಕೆ 240 ಮಿಲಿಗ್ರಾಂ ಮೀರದ ಹಾಗೆ. ನಾನಂತೂ ಎರಡು ದಿನ ಅಂತ ಹೇಳ್ತೀನಿ, ಯಾಕಂದ್ರೆ ಜನ ಡೋಸ್ ಸರಿಯಾಗಿ ನೆನಪಿಟ್ಕೊಳ್ಳಲ್ಲ.

ಇಲ್ಲೊಂದು ಹೆಚ್ಚಿನವ್ರಿಗೆ ಗೊತ್ತಿಲ್ದೇ ಇರೋ ವಿಷ್ಯ ಇದೆ. ಮೂತ್ರ ಹುಳಿಯಾಗಿದ್ರೆ ಈ ಔಷಧ ಬೇಗ ಹೊರಗೆ ಹೋಗುತ್ತೆ, ಕ್ಷಾರವಾಗಿದ್ರೆ ಕಿಡ್ನಿ ಅದನ್ನ ವಾಪಸ್ ಎಳ್ಕೊಳ್ಳುತ್ತೆ, ಹೊರಗೆ ಹೋಗೋದು ತುಂಬಾ ನಿಧಾನ ಆಗುತ್ತೆ. 400, 800 ಮೀಟರ್ ಓಡೋರು ಕಾಲು ಬಿಗಿಯೋದು ತಡೀಲಿ ಅಂತ ಅಡಿಗೆ ಸೋಡಾ ಕುಡಿಯೋದುಂಟು, ಅದು ನಿಷೇಧ ಅಲ್ಲ, ಆದ್ರೆ ಮೂತ್ರವನ್ನ ಕ್ಷಾರ ಮಾಡುತ್ತೆ. ಉರಿಮೂತ್ರಕ್ಕೆ ಕೊಡೋ ಸಿರಪ್ಪೂ ಅದೇ ಕೆಲಸ ಮಾಡುತ್ತೆ. ಅಂಥವರಿಗೆ 24 ಗಂಟೆ ಲೆಕ್ಕ ನಂಬೋಕಾಗಲ್ಲ, ನಿನ್ನೆಯದ್ದು ಇವತ್ತಿಗೂ ಉಳಿದಿರುತ್ತೆ.

## ಸಿಕ್ಕಿಬಿದ್ದ ಮೇಲೆ

ಡಾಕ್ಟ್ರೇ ಕೊಟ್ಟಿದ್ದು, ನಾನು ನುಂಗಿದೆ ಅಷ್ಟೇ. ಇದ್ರಲ್ಲಿ ನನ್ನ ತಪ್ಪೇನು?

ಇದೇ ಪ್ರಶ್ನೆಯನ್ನ 2000ನೇ ಇಸವಿಯಲ್ಲಿ ಇಡೀ ರೊಮೇನಿಯಾ ಕೇಳ್ತು. ಆಂಡ್ರಿಯಾ ರಡೂಕಾನ್ ಅನ್ನೋ ಹುಡುಗಿ, ಹದಿನಾರು ವರ್ಷ, ಸಿಡ್ನಿ ಒಲಿಂಪಿಕ್ಸಲ್ಲಿ ಜಿಮ್ನಾಸ್ಟಿಕ್ಸ್ ಆಲ್‌ರೌಂಡ್ ಚಿನ್ನ ಗೆದ್ಲು. ನೆಗಡಿ ಇತ್ತು, ಟೀಮ್ ಡಾಕ್ಟರ್ ಸ್ಯೂಡೋಎಫೆಡ್ರಿನ್ ಇರೋ ಮಾತ್ರೆ ಕೊಟ್ರು, ನುಂಗಿದ್ಲು. 40 ಕೆಜಿನೂ ಇಲ್ಲದ ಮೈ, ಅಂಥ ಮೈಗೆ ಮಾಮೂಲಿ ಡೋಸೇ ಜಾಸ್ತಿ. ಟೆಸ್ಟ್ ಪಾಸಿಟಿವ್. ಚಿನ್ನ ಕಿತ್ಕೊಂಡು ಎರಡನೇ ಸ್ಥಾನದಲ್ಲಿದ್ದ ಅವಳ ಟೀಮ್‌ಮೇಟ್ ಸಿಮೋನಾ ಅಮನಾರ್‌ಗೆ ಕೊಟ್ರು. ಟೀಮ್ ಚಿನ್ನ, ವಾಲ್ಟ್ ಬೆಳ್ಳಿ ಮಾತ್ರ ಅವಳ ಹತ್ರನೇ ಉಳೀತು. ಡಾಕ್ಟರನ್ನ ಮುಂದಿನ ಒಲಿಂಪಿಕ್ಸ್‌ಗಳಿಂದ ಹೊರಗಿಟ್ರು. ಹುಡುಗಿಗೆ ಮೋಸದ ಉದ್ದೇಶ ಇತ್ತು ಅಂತ ಯಾರೂ ಹೇಳ್ಲಿಲ್ಲ, ಆದ್ರೂ ಅಪೀಲು ಬಿದ್ದೋಯ್ತು.

ಯಾಕಂದ್ರೆ ಈ ನಿಯಮದಲ್ಲಿ ಎರಡು ಪ್ರಶ್ನೆಗಳನ್ನ ಬೇರೆ ಬೇರೆ ಇಟ್ಟಿದಾರೆ. ಮೊದಲನೇದು, ಸ್ಯಾಂಪಲಲ್ಲಿ ಇದೆಯಾ ಇಲ್ವಾ. ಇದ್ರೆ ತಪ್ಪು ಆಯ್ತು, ವೈಯಕ್ತಿಕ ಸ್ಪರ್ಧೆಯಾದ್ರೆ ಆ ಸ್ಪರ್ಧೆಯ ಫಲಿತಾಂಶ ತಾನಾಗೇ ಹೋಗುತ್ತೆ. ಎರಡನೇದು, ಹೇಗೆ ಬಂತು, ನಿಮ್ಮ ಅಜಾಗರೂಕತೆ ಎಷ್ಟು. ಅದು ಬರೋದು ಬ್ಯಾನ್ ಎಷ್ಟು ದಿನ ಅನ್ನೋದು ತೀರ್ಮಾನ ಮಾಡುವಾಗ ಮಾತ್ರ. ಎರಡನೇ ಪ್ರಶ್ನೆಯಲ್ಲಿ ನೀವು ಪೂರ್ತಿ ಗೆದ್ರೂ ಮೊದಲನೇದ್ರಲ್ಲಿ ಹೋದ ಪದಕ ಬರಲ್ಲ. ಬ್ಯಾಕ್ಸ್‌ಟರ್‌ಗೂ ಆಗಿದ್ದು ಇದೇ. ಬೆಕ್‌ಸ್ಟ್ರೋಮ್ ಆಡ್ತಿದ್ದಿದ್ದು ಟೀಮ್ ಆಟ, ಅಲ್ಲಿ ಒಬ್ಬನ ಟೆಸ್ಟಿಗೆ ಇಡೀ ಟೀಮಿನ ಫಲಿತಾಂಶ ಹೋಗಲ್ಲ, ಅದಕ್ಕೆ ಅವನ ಕಥೆ ಬೇರೆ ಆಯ್ತು.

ಕ್ರೂರ ಅನ್ಸುತ್ತೆ, ನನಗೂ ಅನ್ಸುತ್ತೆ, ಅದ್ರಲ್ಲೂ ಹದಿನಾರರ ಹುಡುಗಿ ಡಾಕ್ಟರ್ ಮಾತು ಮೀರಿ ಸ್ಟ್ರಿಪ್ ಓದ್ಬೇಕಿತ್ತು ಅನ್ನೋದು. ಆದ್ರೆ "ಡಾಕ್ಟರ್ ಕೊಟ್ರು" ಅಂದ್ರೆ ಬಿಟ್ಬಿಡ್ತೀವಿ ಅಂತ ನಿಯಮ ಇದ್ರೆ ಬೇಕಂತ ತಗೊಳ್ಳೋ ಪ್ರತಿಯೊಬ್ಬನ ಹಿಂದೆಯೂ ಒಬ್ಬ ಡಾಕ್ಟರ್ ಹುಟ್ಕೊಳ್ತಾನೆ, ಅದೂ ನಿಜ.

ಸ್ಯಾಂಪಲ್ ಕೊಡೋವಾಗ ಫಾರ್ಮಲ್ಲಿ ಔಷಧದ ಹೆಸರು ಬರೆದ್ರೆ ಸಾಕಲ್ವಾ?

ಸಾಕಲ್ಲ, ಆದ್ರೆ ತಪ್ಪದೆ ಬರೀರಿ. ಹಿಂದಿನ ಏಳು ದಿನ ತಗೊಂಡಿದ್ದೆಲ್ಲಾ ಬರೀರಿ, ಮೂಗಿನ ಡ್ರಾಪ್ಸ್ ಸಮೇತ. ಅದು ಮುಂದೆ ನೀವು ಮುಚ್ಚಿಟ್ಟಿಲ್ಲ ಅನ್ನೋಕೆ ಸಾಕ್ಷಿ ಆಗುತ್ತೆ, ಅನುಮತಿ ಆಗಲ್ಲ. 1972ರ ಮ್ಯೂನಿಕ್ಕಲ್ಲಿ ಅಮೆರಿಕಾದ ಈಜುಗಾರ ರಿಕ್ ಡಿಮಾಂಟ್ ತನ್ನ ಅಸ್ತಮಾ ಔಷಧದ ಹೆಸರನ್ನ ಟೀಮಿನ ಫಾರ್ಮಲ್ಲಿ ಮೊದಲೇ ಬರೆದು ಕೊಟ್ಟಿದ್ದ. ಅದ್ರಲ್ಲಿ ಎಫೆಡ್ರಿನ್ ಇದೆ ಅಂತ ಟೀಮಿನ ಡಾಕ್ಟರ್‌ಗಳು ಮುಂದಕ್ಕೆ ತಿಳಿಸ್ಲಿಲ್ಲ, 400 ಮೀಟರ್ ಫ್ರೀಸ್ಟೈಲ್ ಚಿನ್ನ ಹೋಯ್ತು.

ನನಗೆ ನಿಜವಾಗ್ಲೂ ಆ ಔಷಧನೇ ಬೇಕು, ಬೇರೆ ದಾರಿ ಇಲ್ಲ. ಏನ್ ಮಾಡ್ಲಿ?

ಟಿಯುಇ ಅಂತ ಇದೆ, ಚಿಕಿತ್ಸೆಗಾಗಿ ವಿನಾಯಿತಿ. ರಾಷ್ಟ್ರಮಟ್ಟದೋರು ನಾಡಾಗೆ ಅಂದ್ರೆ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆಗೆ ಅರ್ಜಿ ಹಾಕ್ಬೇಕು, ಅಂತಾರಾಷ್ಟ್ರೀಯ ಮಟ್ಟದೋರು ತಮ್ಮ ಆಟದ ಅಂತಾರಾಷ್ಟ್ರೀಯ ಫೆಡರೇಷನ್‌ಗೆ, ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚೆ, ರಿಪೋರ್ಟ್‌ಗಳ ಸಮೇತ. ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ತಗೊಳ್ಳೋ ಮಕ್ಕಳ ಅಪ್ಪ ಅಮ್ಮ ಇದನ್ನ ಮರೀಬಾರ್ದು, ಅದೂ ಸ್ಟಿಮ್ಯುಲೆಂಟ್. ಎಮರ್ಜೆನ್ಸಿ ಆದ್ರೆ ಆಮೇಲೆ ಅರ್ಜಿ ಹಾಕೋಕೂ ಅವಕಾಶ ಇದೆ. ಆದ್ರೆ ಮಾಮೂಲಿ ನೆಗಡಿಗೆ ಯಾರೂ ವಿನಾಯಿತಿ ಕೊಡಲ್ಲ, ನಿಷೇಧ ಇಲ್ದೇ ಇರೋ ಬೇರೆ ಔಷಧ ಇದೆಯಲ್ಲ ಅಂತಾರೆ.

ಯಾವ ಔಷಧ ಏನು ಅಂತ ನೋಡೋಕೆ ನಾಡಾದ್ದೇ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ. ವಿದೇಶದ ವೆಬ್‌ಸೈಟ್‌ಗಳಲ್ಲಿ ನಮ್ಮ ಬ್ರ್ಯಾಂಡ್ ಹೆಸರು ಹುಡುಕಬೇಡಿ, ಅದೇ ಹೆಸರಲ್ಲಿ ಬೇರೆ ದೇಶದ ಬೇರೆ ಔಷಧ ಸಿಗಬಹುದು. ಹುಡುಕೋದಾದ್ರೆ ಕಾಂಪೊಸಿಷನ್ನಲ್ಲಿರೋ ಒಂದೊಂದೇ ಹೆಸರು ಹಾಕಿ ಹುಡುಕಿ.

ಪಾಸಿಟಿವ್ ಅಂತ ಲೆಟರ್ ಬಂತು, ಎಷ್ಟು ವರ್ಷ ಹೋಗುತ್ತೆ?

ಸ್ಯೂಡೋಎಫೆಡ್ರಿನ್, ಸ್ಟ್ರಿಕ್ನಿನ್, ಟರ್ಬುಟಲಿನ್ ಇವೆಲ್ಲಾ 'ನಿರ್ದಿಷ್ಟ ವಸ್ತು' ಅನ್ನೋ ವರ್ಗದವು, ಅಂದ್ರೆ ಗೊತ್ತಿಲ್ದೇ ಒಳಗೆ ಹೋಗಿರೋ ಸಾಧ್ಯತೆ ಜಾಸ್ತಿ ಇರೋವು. ಇವಕ್ಕೆ ಲೆಕ್ಕ ಎರಡು ವರ್ಷದಿಂದ ಶುರು. ಬೇಕಂತಲೇ ತಗೊಂಡ್ರು ಅಂತ ನಾಡಾ ಸಾಬೀತು ಮಾಡಿದ್ರೆ ನಾಲ್ಕು. ನಿಮ್ಮ ತಪ್ಪು ಸಣ್ಣದು ಅಂತ ನೀವು ತೋರಿಸಿದ್ರೆ ಬರೀ ಎಚ್ಚರಿಕೆಯಿಂದ ಹಿಡಿದು ಎರಡು ವರ್ಷದೊಳಗೆ ಎಲ್ಲಿ ಬೇಕಾದ್ರೂ ನಿಲ್ಲಬಹುದು.

ಇಲ್ಲಿ 'ನೀವು ತೋರಿಸಿದ್ರೆ' ಅನ್ನೋದೇ ಕಷ್ಟ. ಬರೀ "ಯಾವ್ದೋ ಸಿರಪ್ ಇರಬೇಕು ಸರ್" ಅಂದ್ರೆ ನಡಿಯಲ್ಲ, ಯಾವ ಸಿರಪ್, ಯಾವ ದಿನ, ಎಷ್ಟು ಚಮಚ, ಯಾರು ಕೊಟ್ರು ಎಲ್ಲಾ ಬೇಕು, ಅದೂ ಲ್ಯಾಬಲ್ಲಿ ಸಿಕ್ಕ ಪ್ರಮಾಣಕ್ಕೆ ತಾಳೆ ಆಗ್ಬೇಕು. ಟೆಸ್ಟ್ ಆಗಿ ಲೆಟರ್ ಬರೋ ಹೊತ್ತಿಗೆ ವಾರಗಳೇ ಕಳೆದಿರುತ್ವೆ, ಬಿಲ್ ಇರಲ್ಲ, ಬಾಟ್ಲಿ ಕಸಕ್ಕೆ ಹೋಗಿರುತ್ತೆ. ಅದಕ್ಕೇ ನಮ್ಮ ಗ್ರೌಂಡಿನ ಹುಡುಗ್ರಿಗೆ ಹೇಳಿಟ್ಟಿದೀನಿ, ಸೀಸನ್ನಲ್ಲಿ ಏನೇ ಔಷಧ ತಗೊಂಡ್ರೂ ಬಿಲ್ ಕೇಳಿ, ಚೀಟಿ ಇಟ್ಕೊಳ್ಳಿ, ಬ್ಯಾಚ್ ನಂಬರ್ ಕಾಣೋ ಹಾಗೆ ಒಂದು ಫೋಟೋ ಹೊಡ್ಕೊಂಡು ಅಮ್ಮನ ವಾಟ್ಸಾಪ್‌ಗೆ ಕಳ್ಸಿ, ತಾರೀಖು ತಾನಾಗೇ ಬೀಳುತ್ತೆ. ಸ್ಯಾಂಪಲ್ ಕೊಟ್ಟು ಬಂದಿದ್ರೆ ಬಾಟ್ಲೀಲಿ ಉಳಿದಿರೋ ಅರ್ಧ ಸಿರಪ್ ಚೆಲ್ಲಬೇಡಿ, ರಿಪೋರ್ಟ್ ಬರೋ ತನಕ ಮುಚ್ಚಳ ಹಾಕಿ ಹಂಗೇ ಎತ್ತಿಡಿ.